ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗಿದೆ, ಸಪ್ಲೈಯರ್ ಕ್ರೆಡಿಟ್ ನೋಟ್ ಕೊಡ್ತೀನಿ ಅಂತಾರೆ. ತಗೋಬಹುದಾ?

ಗಾಣದ ಲೆಕ್ಕ (ಚಳ್ಳಕೆರೆ) · 10 ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ಶೇಂಗಾ ಎಣ್ಣೆ ಮಿಲ್ಲಿನ ಲೆಕ್ಕ ನಂದು. 15 ಕೆಜಿಯ ಖಾಲಿ ಡಬ್ಬಿ ದಾವಣಗೆರೆಯ ಒಬ್ಬ ಸಪ್ಲೈಯರ್ ಹತ್ರ ತರಿಸ್ತೀವಿ. ಸೆಪ್ಟೆಂಬರ್ 2ರ ಬಿಲ್ಲು, 1,200 ಡಬ್ಬಿ, ಒಂದಕ್ಕೆ 130 ರೂಪಾಯಿ. ಮಾಲಿನ ಬೆಲೆ 1,56,000, ಶೇ 18 ಜಿಎಸ್‌ಟಿ 28,080, ಒಟ್ಟು 1,84,080.

ಸೆಪ್ಟೆಂಬರ್ 8ಕ್ಕೆ ಕರೆಂಟ್ ಅಕೌಂಟಿಂದ ಎನ್‌ಇಎಫ್‌ಟಿ ಮಾಡಿದೀವಿ. 19ಕ್ಕೆ ಅದೇ ಮೊತ್ತ ಸಿಸಿ ಅಕೌಂಟಿಂದ ಇನ್ನೊಂದು ಸಲ ಹೋಗಿದೆ. ಎರಡೂ ಬೇರೆ ಬೇರೆ ಬ್ಯಾಂಕು, ಹಂಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಫೋನ್ ಮಾಡಿದ್ರೆ "ಆಯ್ತು ಬಿಡ್ರಿ, ಕ್ರೆಡಿಟ್ ನೋಟ್ ಕಳಿಸ್ತೀವಿ, ಮುಂದಿನ ಲೋಡಿಗೆ ಮುರ್ಕೊಂಡ್ರಾಯ್ತು" ಅಂದರು. ನಮ್ಮ ಸಾವ್ಕಾರ್ರು ದುಡ್ಡೇ ವಾಪಸ್ ಬೇಕು ಅಂತಾರೆ. ಪತ್ರ ಹೆಂಗೆ ಬರೀಬೇಕು? ಕ್ರೆಡಿಟ್ ನೋಟ್ ತಗೊಂಡ್ರೆ ಏನಾದ್ರೂ ತೊಂದರೆ ಐತಾ?

ಇನ್ನೊಂದು ವಿಚಿತ್ರ. ನಮ್ಮ ಟ್ಯಾಲಿಯಲ್ಲಿ ಅವರ ಲೆಡ್ಜರ್ ಸೊನ್ನೆ ತೋರಿಸ್ತಾ ಐತೆ. ಹೆಚ್ಚಿಗೆ ಕೊಟ್ಟಿದ್ದು ಎಲ್ಲೂ ಕಾಣ್ತಿಲ್ಲ.

ಕೋಟೆ ಹುಡುಗ (ಚಿತ್ರದುರ್ಗ)

ತಡ ಮಾಡಬೇಡಿ ಅಣ್ಣ. ತಪ್ಪು ಅಕೌಂಟಿಗೆ ಹೋಗಿದ್ರೆ ಮೊದಲು ಬ್ಯಾಂಕಿಗೆ ಬರೆದು ಕೊಡಿ, 1930ಕ್ಕೆ ಫೋನ್ ಮಾಡಿ. ಅಮೌಂಟ್ ಹೋಲ್ಡ್ ಮಾಡ್ತಾರೆ.

ಮಂಡಿಪೇಟೆ ಗುಮಾಸ್ತ (ದಾವಣಗೆರೆ)

@ಕೋಟೆ ಹುಡುಗ, ಇದು ತಪ್ಪು ಅಕೌಂಟ್ ಅಲ್ಲ, ಮೋಸವೂ ಅಲ್ಲ. ಸರಿಯಾದ ಪಾರ್ಟಿಗೇ ಎರಡು ಸಲ ಹೋಗಿದೆ. 1930 ಸೈಬರ್ ವಂಚನೆಗೆ ಇರೋದು, ಅಲ್ಲಿ ದೂರು ಕೊಟ್ರೆ ಪಾಪ ಸಪ್ಲೈಯರ್ ಅಕೌಂಟ್ ಲಾಕ್ ಆಗಿ ಇದ್ದ ಸಂಬಂಧವೂ ಹಾಳಾದೀತು. ಎನ್‌ಇಎಫ್‌ಟಿ ಒಮ್ಮೆ ಅವರ ಖಾತೆಗೆ ಜಮಾ ಆದ ಮೇಲೆ ಅವರ ಒಪ್ಪಿಗೆ ಇಲ್ಲದೆ ಬ್ಯಾಂಕು ವಾಪಸ್ ಎಳೆಯಲ್ಲ. ಆದ್ದರಿಂದ ಕೆಲಸ ಪೂರ್ತಿ ಆಗೋದು ಸಪ್ಲೈಯರ್ ಹತ್ರವೇ.

@ಗಾಣದ ಲೆಕ್ಕ, ನೀವು ಕೊನೆಗೆ ಹೇಳಿದ ಸೊನ್ನೆಯೇ ಇಲ್ಲಿ ಮುಖ್ಯ. ಪಾವತಿ ಎರಡು ಸಲ ಆಗಿಯೂ ಲೆಡ್ಜರ್ ಸೊನ್ನೆ ಇದೆ ಅಂದ್ರೆ ಖರೀದಿಯೂ ಎರಡು ಸಲ ಎಂಟ್ರಿ ಆಗಿದೆ ಅಂತ ಅರ್ಥ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನೋಡಿ ಒಂದು ಸಲ, ಲಾರಿ ಡ್ರೈವರ್ ತಂದ ಕಾಗದದ ಬಿಲ್ ನೋಡಿ ಇನ್ನೊಂದು ಸಲ ಹಾಕಿರ್ತಾರೆ. ಖರೀದಿ ರಿಜಿಸ್ಟರ್ ತೆಗೆದು ಬಿಲ್ ನಂಬರ್ ಅಲ್ಲ, ಮೊತ್ತದ ಮೇಲೆ ಹುಡುಕಿ.

ಗಾಣದ ಲೆಕ್ಕ

ಸಿಕ್ತು ಸರ್. ಒಂದು ಕಡೆ TC/0412/25-26 ಅಂತ, ಇನ್ನೊಂದು ಕಡೆ ಬರೀ 412 ಅಂತ. ಮೊದಲನೇದು 3ನೇ ತಾರೀಖು, ಎರಡನೇದು 15ನೇ ತಾರೀಖು ಎಂಟ್ರಿ. ಗೋಡೌನ್ ಹುಡುಗ ಸ್ಟಾಕಲ್ಲಿ 1,200 ಡಬ್ಬಿ ಕಮ್ಮಿ ಬರ್ತವೆ ಅಂತ ವಾರದಿಂದ ಹೇಳ್ತಿದ್ದ, ಅವನನ್ನೇ ಬೈದಿದ್ವಿ.

ಮಂಡಿಪೇಟೆ ಗುಮಾಸ್ತ

ಅಲ್ಲಿಗೆ ಕಾರಣ ಸಿಕ್ಕಿತು. ನಂಬರಿನಲ್ಲಿ ಒಂದು ಅಕ್ಷರ ಬೇರೆ ಇದ್ರೂ ಸಾಫ್ಟ್‌ವೇರ್‌ಗೆ ಅದು ಬೇರೆ ಬಿಲ್ಲೇ. ಪತ್ರ ಬರೆಯೋಕೆ ಮುಂಚೆ ನಿಮ್ಮ ಪುಸ್ತಕ ಸರಿ ಮಾಡ್ಕೊಳ್ಳಿ. ಇಲ್ಲದಿದ್ರೆ ಅವರು "ನಿಮ್ಮ ಲೆಡ್ಜರ್ ಕಳಿಸಿ" ಅಂದಾಗ ನಿಮ್ಮ ಲೆಡ್ಜರೇ ಬಾಕಿ ಏನೂ ಇಲ್ಲ ಅಂತ ಸಾಕ್ಷಿ ಹೇಳುತ್ತೆ.

412 ಅಂತ ಇರೋ ಖರೀದಿ ವೋಚರನ್ನು ಕ್ಯಾನ್ಸಲ್ ಮಾಡಿ (Alt+X). ಡಿಲೀಟ್ ಮಾಡೋದಕ್ಕಿಂತ ಇದು ಒಳ್ಳೇದು, ವೋಚರ್ ನಂಬರ್ ಉಳಿಯುತ್ತೆ, ಆಡಿಟರ್ ಕೇಳಿದಾಗ ತೋರಿಸಬಹುದು. ಸ್ಟಾಕೂ ತಾನಾಗಿ ಸರಿ ಹೋಗುತ್ತೆ. ಇದನ್ನ 20ನೇ ತಾರೀಖಿನ 3ಬಿ ಫೈಲ್ ಮಾಡೋಕೆ ಮುಂಚೆ ಮಾಡಬೇಕು, ಯಾಕಂದ್ರೆ ಟ್ಯಾಲಿ ನೋಡಿ ಐಟಿಸಿ ಹಾಕಿದ್ರೆ 28,080 ಎರಡು ಸಲ ಹೋಗುತ್ತೆ. 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತಲ್ಲ, ಅದರಲ್ಲಿ ಆ ಬಿಲ್ಲು ಒಂದೇ ಸಲ ಇರುತ್ತೆ. ಎರಡು ಸಲ ಎಂಟ್ರಿ ಆಗಿದ್ದು ಹಿಡಿಯೋಕೆ ಅದಕ್ಕಿಂತ ಸುಲಭದ ಜಾಗ ಇಲ್ಲ.

ಶಿವು_ಟ್ಯಾಲಿ

ಇಷ್ಟೆಲ್ಲ ಯಾಕ್ರಿ? 19ನೇ ತಾರೀಖಿನ ಪೇಮೆಂಟನ್ನ On Account ಅಂತ ಹಾಕಿಬಿಡಿ. ಸಪ್ಲೈಯರ್ ಕ್ರೆಡಿಟ್ ನೋಟ್ ಕಳಿಸಲಿ, ಅದನ್ನ ಎಂಟ್ರಿ ಮಾಡಿದ್ರೆ ಲೆಡ್ಜರ್ ಟ್ಯಾಲಿ ಆಗುತ್ತೆ. ಎಲ್ಲಾ ಕಡೆ ಹಿಂಗೇ ಮಾಡೋದು.

ಆಡಿಟ್ ಆಫೀಸ್ ಅಕ್ಕ

ಶಿವು, ಪೇಮೆಂಟ್ ಬಿಲ್ಲಿನಿಂದ ಬಿಡಿಸಬೇಕು ಅನ್ನೋವರೆಗೆ ಸರಿ. ಕ್ರೆಡಿಟ್ ನೋಟ್ ಮಾತ್ರ ಬೇಡಪ್ಪ.

ಜಿಎಸ್‌ಟಿ ಕಾಯ್ದೆ ಸೆಕ್ಷನ್ 34ರಲ್ಲಿ ಕ್ರೆಡಿಟ್ ನೋಟ್ ಕೊಡೋದು ಯಾವಾಗ? ಬಿಲ್ಲಿನಲ್ಲಿ ಬೆಲೆ ಅಥವಾ ತೆರಿಗೆ ಹೆಚ್ಚಾಗಿದ್ರೆ, ಮಾಲು ವಾಪಸ್ ಹೋದ್ರೆ, ಮಾಲಿನಲ್ಲಿ ಕೊರತೆ ಇದ್ರೆ. ಇಲ್ಲಿ 1,200 ಡಬ್ಬಿ ಬಂದಿವೆ, ಬೆಲೆ ಸರಿ, ತೆರಿಗೆ ಸರಿ. ಬಿಲ್ಲಿನಲ್ಲಿ ಏನೂ ತಪ್ಪಿಲ್ಲ, ತಪ್ಪಿರೋದು ಬ್ಯಾಂಕಿನ ಸಾಲಿನಲ್ಲಿ.

ಈಗ ಅವರ ಕಂಪ್ಯೂಟರ್ ಹುಡುಗ 1,84,080ಕ್ಕೆ ಕ್ರೆಡಿಟ್ ನೋಟ್ ಮಾಡಿ ಜಿಎಸ್‌ಟಿಆರ್-1ರಲ್ಲಿ ಹಾಕಿದ ಅನ್ನಿ. ಅವರ ಮಾರಾಟ 1,56,000 ಕಮ್ಮಿ ಆಗುತ್ತೆ, ಅವರು ಕಟ್ಟೋ ತೆರಿಗೆ 28,080 ಕಮ್ಮಿ ಆಗುತ್ತೆ. ಅದೇ 28,080 ನಿಮ್ಮ 2ಬಿಯಲ್ಲಿ ಮೈನಸ್ ಆಗಿ ಬರುತ್ತೆ. ಅಂದ್ರೆ ನೀವು ನಿಜವಾಗಿ ತಗೊಂಡ ಮಾಲಿನ ಐಟಿಸಿ ಹೋಯ್ತು. ಹೆಚ್ಚಿಗೆ ದುಡ್ಡು ಕೊಟ್ಟವರೂ ನೀವೇ, ಐಟಿಸಿ ಕಳ್ಕೊಂಡವರೂ ನೀವೇ.

ಹಂಗೇನಾದ್ರೂ ಹಾಕಿಬಿಟ್ಟಿದ್ರೆ ಪೋರ್ಟಲ್‌ನಲ್ಲಿ ಐಎಂಎಸ್ ತೆಗೆದು ಆ ಕ್ರೆಡಿಟ್ ನೋಟನ್ನು ರಿಜೆಕ್ಟ್ ಮಾಡಬಹುದು. ಏನೂ ಮಾಡದೆ ಬಿಟ್ರೆ ಒಪ್ಪಿಕೊಂಡಂತೆ ಲೆಕ್ಕ. ಆದ್ರೆ ರಿಜೆಕ್ಟ್ ಮಾಡಿದ್ರೆ ಆ ತೆರಿಗೆ ಅವರ ತಲೆ ಮೇಲೆ ವಾಪಸ್ ಬರುತ್ತೆ, ಆಗ ಜಗಳ. ಅದಕ್ಕೇ ಪತ್ರದಲ್ಲೇ ಮೊದಲೇ ಬರೆದುಬಿಡಿ, ಕ್ರೆಡಿಟ್ ನೋಟ್ ಬೇಡ ಅಂತ.

ಶಿವು_ಟ್ಯಾಲಿ

ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟ್ ಇರುತ್ತಲ್ಲಕ್ಕ, ಬರೀ ಪುಸ್ತಕಕ್ಕೆ? ನಾನು ಹೇಳಿದ್ದು ಅದು.

ಆಡಿಟ್ ಆಫೀಸ್ ಅಕ್ಕ

ಅದರಿಂದ ಐಟಿಸಿ ಹೋಗಲ್ಲ, ನಿಜ. ಆದ್ರೂ ಲೆಕ್ಕ ತಪ್ಪೇ. 19ಕ್ಕೆ ದುಡ್ಡು ಬಂದಾಗ ಅವರು ರಸೀದಿ ವೋಚರ್ ಹಾಕಿದ್ರೆ ಇವರ ಲೆಡ್ಜರಿಗೆ ಆಗಲೇ 1,84,080 ಜಮಾ ಆಗಿರುತ್ತೆ. ಮೇಲೆ ಕ್ರೆಡಿಟ್ ನೋಟೂ ಹಾಕಿದ್ರೆ ಜಮಾ 3,68,160 ಆಗುತ್ತೆ! ಬೇಕಿರೋದು ಹೊಸ ಎಂಟ್ರಿ ಅಲ್ಲ, ಇರೋ ಜಮಾ ಏನು ಮಾಡ್ತಾರೆ ಅನ್ನೋ ಒಂದು ಬರಹದ ಮಾತು.

ಮಂಡಿಪೇಟೆ ಗುಮಾಸ್ತ

On Account ಬಗ್ಗೆ ಒಂದು ಮಾತು. ಹಾಗೆ ಹಾಕಿದ ದುಡ್ಡಿಗೆ ಹೆಸರು ಇರಲ್ಲ. ಮುಂದಿನ ಎರಡು ಮೂರು ಬಿಲ್ಲು ಬಂದ ಮೇಲೆ ಒಟ್ಟು ಬಾಕಿಯಲ್ಲಿ ಕರಗಿ ಹೋಗುತ್ತೆ, ಯಾವ ಬಿಲ್ಲಿಗೆ ಎಷ್ಟು ಮುರಿದರು ಅಂತ ಆರು ತಿಂಗಳಾದ ಮೇಲೆ ಯಾರಿಗೂ ಗೊತ್ತಿರಲ್ಲ. 19ನೇ ತಾರೀಖಿನ ಪೇಮೆಂಟ್ ವೋಚರ್ ತೆರೆದು, 412ಕ್ಕೆ Agst Ref ಆಗಿರೋದನ್ನ New Ref ಮಾಡಿ ಹೆಸರು ಕೊಡಿ:

```
DUP-190925   1,84,080.00 Dr
```

ದುಡ್ಡು ವಾಪಸ್ ಬಂದಾಗಲೂ, ಬಿಲ್ಲಿಗೆ ಮುರಿದಾಗಲೂ ಇದೇ ಹೆಸರಿಗೆ Agst Ref ಹಾಕಿ. ಔಟ್‌ಸ್ಟ್ಯಾಂಡಿಂಗ್ ತೆಗೆದಾಗೆಲ್ಲ ಉಳಿದದ್ದು ಎಷ್ಟು, ಎಷ್ಟು ದಿನ ಆಯ್ತು ಅಂತ ತಾನೇ ಕಾಣುತ್ತೆ.

ಡಬ್ಬಿ-ಡ್ರಮ್ ವ್ಯಾಪಾರ (ದಾವಣಗೆರೆ)

ಸಪ್ಲೈಯರ್ ಕಡೆಯಿಂದ ಹೇಳ್ತೀನಿ ಕೇಳಿ, ನೀವು ಮಾತಾಡ್ತಿರೋ ಪಾರ್ಟಿ ನಾನಲ್ಲ ಮತ್ತೆ.

"ನಮ್ಮ ದುಡ್ಡು ಎರಡು ಸಲ ಬಂದಿದೆ ನೋಡಿ" ಅಂತ ಫೋನ್ ಬಂದ್ರೆ ನಮಗೆ ಏನೂ ಮಾಡೋಕಾಗಲ್ಲ. ಸ್ಟೇಟ್‌ಮೆಂಟಲ್ಲಿ ದಿನಕ್ಕೆ ನಲವತ್ತು ಸಾಲು ಇರ್ತವೆ. ನಮಗೆ ಬೇಕಿರೋದು ಎರಡೂ ಪಾವತಿಯ ತಾರೀಖು, ಯುಟಿಆರ್, ಯಾವ ಬ್ಯಾಂಕಿಂದ ಬಂತು, ಅಷ್ಟೆ. ಅದು ನಮ್ಮ ಸ್ಟೇಟ್‌ಮೆಂಟಿಗೆ ಹೊಂದಿದ್ರೆ ಐದು ನಿಮಿಷದ ಕೆಲಸ. ಸ್ಕ್ರೀನ್‌ಶಾಟ್ ನಂಬಿ ಯಾರೂ ದುಡ್ಡು ಕೊಡಲ್ಲ, ಕೊಡಲೂಬಾರದು. ಎಡಿಟ್ ಮಾಡಿದ ಸ್ಕ್ರೀನ್‌ಶಾಟ್ ಕಳಿಸಿ "ರಿಫಂಡ್ ಈ ಬೇರೆ ಅಕೌಂಟಿಗೆ ಹಾಕಿ" ಅನ್ನೋ ಆಟ ನಡೆಯುತ್ತೆ. ಅದಕ್ಕೇ ದುಡ್ಡು ಯಾವ ಅಕೌಂಟಿಂದ ಬಂತೋ ಅದಕ್ಕೇ ವಾಪಸ್. ನಿಮ್ಮ ಎರಡನೇ ಪಾವತಿ ಸಿಸಿ ಅಕೌಂಟಿಂದ ಹೋಗಿರೋದ್ರಿಂದ ಆ ಸಿಸಿಯ ಕ್ಯಾನ್ಸಲ್ ಮಾಡಿದ ಚೆಕ್ ಪತ್ರದ ಜೊತೆ ಇಡಿ.

ತಡ ಯಾಕಾಗುತ್ತೆ ಅಂದ್ರೆ, ಆ ದುಡ್ಡು ಬಂದ ದಿನವೇ ನಮ್ಮ ಓಡಿಯಲ್ಲಿ ಕರಗಿರುತ್ತೆ. 1.84 ಲಕ್ಷ ಒಂದೇ ಸಲ ತೆಗೀಬೇಕಂದ್ರೆ ಆ ವಾರ ತಗಡಿನ ಪಾರ್ಟಿಗೆ ಕೊಡೋದು ನಿಲ್ಲುತ್ತೆ. ಅದಕ್ಕೇ ಎಲ್ಲರೂ "ಮುಂದಿನ ಲೋಡಿಗೆ" ಅನ್ನೋದು. ಕೆಟ್ಟ ಬುದ್ಧಿ ಅಂತಲೇ ಅಂದ್ಕೋಬೇಡಿ.

ಗಾಣದ ಲೆಕ್ಕ

ನಮ್ಮ ಸಿಸಿಗೂ ಬಡ್ಡಿ ಓಡ್ತೈತಲ್ಲ ಅಣ್ಣ. ಶೇ 10 ಅಂದ್ರೂ ದಿನಕ್ಕೆ 50 ರೂಪಾಯಿ.

ಒಂದು ವಿಷಯ ಬಿಟ್ಟಿದ್ದೆ. ಅದೇ ಲೋಡಲ್ಲಿ 14 ಡಬ್ಬಿ ಬೆಸುಗೆ ಬಿಟ್ಟು ಸೋರ್ತಿದ್ವು, ವಾಪಸ್ ಕಳಿಸಿದೀವಿ. ಅದನ್ನೂ ಇದೇ ಪತ್ರದಲ್ಲಿ ಸೇರಿಸಿ ಕೇಳ್ಲಾ?

ಆಡಿಟ್ ಆಫೀಸ್ ಅಕ್ಕ

ಬೇಡ! ಅದೇ ಎಡವಟ್ಟು ಆಗೋ ಜಾಗ. 14 ಡಬ್ಬಿಗೆ 1,820, ತೆರಿಗೆ 327.60, ಒಟ್ಟು 2,147.60. ಮಾಲು ವಾಪಸ್ ಹೋಗಿರೋದ್ರಿಂದ ಅದಕ್ಕೆ ಜಿಎಸ್‌ಟಿ ಕ್ರೆಡಿಟ್ ನೋಟೇ ಬೇಕು, ಅಷ್ಟು ಐಟಿಸಿ ನೀವು ಬಿಡಲೇಬೇಕು. ಎರಡನ್ನೂ ಒಂದೇ ಪತ್ರದಲ್ಲಿ ಬರೆದ್ರೆ ಅವರು ಕೂಡಿಸಿ 1,86,227.60ಕ್ಕೆ ಒಂದೇ ಕ್ರೆಡಿಟ್ ನೋಟ್ ಹೊಡೀತಾರೆ. ಬೇರೆ ಪತ್ರ, ಬೇರೆ ದಿನ ಕಳಿಸಿದ್ರೆ ಇನ್ನೂ ವಾಸಿ.

ಮಂಡಿಪೇಟೆ ಗುಮಾಸ್ತ

ಪತ್ರ ಹೀಗಿರಲಿ. ಲೆಟರ್‌ಹೆಡ್‌ನಲ್ಲಿ ಹಾಕಿ ಇಮೇಲ್ ಮಾಡಿ, ಅದೇ ಪಿಡಿಎಫ್ ವಾಟ್ಸಾಪಿಗೂ ಹಾಕಿ. ಮಾಲೀಕರಿಗಷ್ಟೇ ಅಲ್ಲ, ಅವರ ಅಕೌಂಟ್ಸ್ ನೋಡೋರಿಗೂ ಹೋಗಲಿ.

> ವಿಷಯ: ಬಿಲ್ ಸಂಖ್ಯೆ TC/0412/25-26ಕ್ಕೆ ಎರಡು ಬಾರಿ ಪಾವತಿ – ರೂ. 1,84,080 ಹಿಂದಿರುಗಿಸುವ ಕುರಿತು
>
> ಮಾನ್ಯರೇ,
>
> ದಿನಾಂಕ 2-9-2025ರ ಮೇಲ್ಕಂಡ ಬಿಲ್ಲಿನ ಮೊತ್ತ ರೂ. 1,84,080ನ್ನು 8-9-2025ರಂದು ನಮ್ಮ ಚಾಲ್ತಿ ಖಾತೆಯಿಂದ ಪಾವತಿಸಿದ್ದೇವೆ (ಯುಟಿಆರ್: …). ನಮ್ಮ ಕಚೇರಿಯ ತಪ್ಪಿನಿಂದ ಅದೇ ಬಿಲ್ಲಿಗೆ 19-9-2025ರಂದು ನಮ್ಮ ಸಿಸಿ ಖಾತೆಯಿಂದ ಅಷ್ಟೇ ಮೊತ್ತ ಮತ್ತೊಮ್ಮೆ ಜಮಾ ಆಗಿದೆ (ಯುಟಿಆರ್: …).
>
> ಎರಡನೆಯ ಪಾವತಿಯ ಎದುರಿಗೆ ಯಾವುದೇ ಮಾಲು ಅಥವಾ ಬಿಲ್ಲು ಇಲ್ಲ. ಆದ್ದರಿಂದ ರೂ. 1,84,080ನ್ನು ಅದೇ ಸಿಸಿ ಖಾತೆಗೆ 24-10-2025ರೊಳಗೆ ಹಿಂದಿರುಗಿಸಬೇಕಾಗಿ ಕೋರುತ್ತೇವೆ.
>
> ಬಿಲ್ಲಿನ ಬೆಲೆಯಲ್ಲಾಗಲಿ ತೆರಿಗೆಯಲ್ಲಾಗಲಿ ಬದಲಾವಣೆ ಇಲ್ಲದ ಕಾರಣ ಈ ಮೊತ್ತಕ್ಕೆ ಜಿಎಸ್‌ಟಿ ಕ್ರೆಡಿಟ್ ನೋಟ್ ನೀಡಬಾರದೆಂದು ವಿನಂತಿ.
>
> ದಯವಿಟ್ಟು ಈ ಮೂರನ್ನು ಲಿಖಿತವಾಗಿ ತಿಳಿಸಿ: 19-9-2025ರ ಮೊತ್ತ ನಿಮ್ಮ ಖಾತೆಗೆ ಜಮಾ ಆಗಿದೆಯೇ, ನಿಮ್ಮ ಪುಸ್ತಕದಲ್ಲಿ ಅದು ನಮ್ಮ ಹೆಸರಿನಲ್ಲಿ ಜಮಾ ಇದೆಯೇ, ಯಾವ ದಿನಾಂಕಕ್ಕೆ ಹಿಂದಿರುಗಿಸುವಿರಿ. ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಯಾವುದೇ ಬಾಕಿಗೆ ಇದನ್ನು ಹೊಂದಿಸಬಾರದೆಂದು ಕೋರುತ್ತೇವೆ.
>
> ಲಗತ್ತು: ಎರಡೂ ಖಾತೆಯ ಸ್ಟೇಟ್‌ಮೆಂಟಿನ ಆ ದಿನದ ಸಾಲು, ಬಿಲ್ ಪ್ರತಿ, ನಮ್ಮ ಲೆಡ್ಜರ್, ಸಿಸಿ ಖಾತೆಯ ರದ್ದುಪಡಿಸಿದ ಚೆಕ್.

ಸ್ಟೇಟ್‌ಮೆಂಟ್ ಪೂರ್ತಿ ಕಳಿಸಬೇಡಿ. ಆ ಸಾಲು ಬಿಟ್ಟು ಉಳಿದದ್ದು ಮುಚ್ಚಿ ಕಳಿಸಿ, ನೀವು ಬೇರೆಯವರ ಹತ್ರ ಡಬ್ಬಿ ಎಷ್ಟಕ್ಕೆ ತಗೋತೀರಿ ಅಂತ ಅವರಿಗ್ಯಾಕೆ ಗೊತ್ತಾಗಬೇಕು?

"ನಮ್ಮ ಕಚೇರಿಯ ತಪ್ಪಿನಿಂದ" ಅನ್ನೋದನ್ನ ತೆಗೀಬೇಡಿ. ತಪ್ಪಾಗಿ ಕೊಟ್ಟ ದುಡ್ಡು ವಾಪಸ್ ಕೊಡಬೇಕು ಅನ್ನೋದು 1872ರ ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 72ರಲ್ಲೇ ಇದೆ, ತಪ್ಪು ಅಂತ ಬರೆದದ್ದು ನಿಮಗೇ ಬಲ. ಆದ್ರೆ ಮೊದಲ ಪತ್ರದಲ್ಲೇ ಸೆಕ್ಷನ್ ಬರೆಯಬೇಡಿ, ವಕೀಲರ ನೋಟಿಸ್ ಥರ ಕಾಣುತ್ತೆ.

ಜನರೇಟರ್ ಗಿರಾಕಿ (ಹರಿಹರ)

ನಮ್ಮದೂ ಇದೇ ಕೇಸು. ಜನರೇಟರ್ ಎಎಂಸಿಗೆ 59,000 ಎರಡು ಸಲ ಹೋಗಿದೆ. ಅವರು ಮುಂದಿನ ವರ್ಷದ ಎಎಂಸಿಗೆ ಅಡ್ವಾನ್ಸ್ ಅಂತ ಇಟ್ಕೊಳ್ತೀವಿ ಅಂತಾರೆ. ಒಪ್ಪಬಹುದಲ್ವಾ?

ಆಡಿಟ್ ಆಫೀಸ್ ಅಕ್ಕ

ನಿಮ್ಮದು ಅದೇ ಕೇಸಲ್ಲ ಸರ್. ಡಬ್ಬಿ ಸರಕು, ಎಎಂಸಿ ಸೇವೆ. ಸರಕಿನ ಅಡ್ವಾನ್ಸ್ ಮೇಲೆ ದುಡ್ಡು ತಗೊಂಡಾಗ ಜಿಎಸ್‌ಟಿ ಕಟ್ಟೋದು 2017ರ ನವೆಂಬರಿಂದ ಇಲ್ಲ. ಸೇವೆಗೆ ಅಡ್ವಾನ್ಸ್ ಅಂದ್ರೆ ಆಗಲೇ ತೆರಿಗೆ ಬೀಳುತ್ತೆ. "ಅಡ್ವಾನ್ಸ್ ಅಂತ ಇಟ್ಕೊಳ್ಳಿ" ಅಂತ ನೀವು ಬರೆದು ಕೊಟ್ರೆ ಅವರು ಆ 59,000ದಲ್ಲಿ 9,000 ತೆರಿಗೆ ಕಟ್ಟಿ ರಸೀದಿ ವೋಚರ್ ಕೊಡಬೇಕಾಗುತ್ತೆ. ನಾಳೆ ಮನಸ್ಸು ಬದಲಾಗಿ ವಾಪಸ್ ಕೇಳಿದ್ರೆ ರಿಫಂಡ್ ವೋಚರ್ ಅಂತ ಇನ್ನೊಂದು ಕಾಗದ. ಇಷ್ಟು ರಾಮಾಯಣ ಬೇಡ ಅಂದ್ರೆ ವಾಪಸ್ ತಗೊಳ್ಳಿ.

ಗಾಣದ ಲೆಕ್ಕ · 13 ಅಕ್ಟೋಬರ್

ಪತ್ರ ಹೋಯ್ತು, ಉತ್ತರವೂ ಬಂತು. 19ರ ದುಡ್ಡು ಬಂದಿದ್ದು ಒಪ್ಕೊಂಡಿದ್ದಾರೆ, ಕ್ರೆಡಿಟ್ ನೋಟ್ ಹಾಕಲ್ಲ ಅಂದಿದ್ದಾರೆ. ಈ ವಾರ 800 ಡಬ್ಬಿ ಹೆಂಗೂ ಬರೋದಿತ್ತು, ಆ ಬಿಲ್ಲಿಗೆ ಮುರಿದು ಉಳಿದದ್ದು ವಾಪಸ್ ಹಾಕ್ತಾರಂತೆ. ಸಾವ್ಕಾರ್ರು ಅರ್ಧಂಬರ್ಧ ಒಪ್ಪಿದ್ದಾರೆ. ಡ್ರಾಫ್ಟ್ ಬಿಲ್ ಕಳಿಸಿದ್ದಾರೆ, ಅದರಲ್ಲಿ 800 ಡಬ್ಬಿಗೆ 1,04,000 ಬರೆದು ಕೆಳಗೆ ಅಷ್ಟನ್ನೂ "ಹಿಂದಿನ ಜಮಾ" ಅಂತ ಕಳೆದು, ತೆರಿಗೆ ಸೊನ್ನೆ ತೋರಿಸಿದ್ದಾರೆ.

ಆಡಿಟ್ ಆಫೀಸ್ ಅಕ್ಕ

ತಕ್ಷಣ ನಿಲ್ಲಿಸಿ. ಜಮಾ ಕಳೆಯಬೇಕಾದ್ದು ಲೆಡ್ಜರಿನಲ್ಲಿ, ಬಿಲ್ಲಿನಲ್ಲಿ ಅಲ್ಲ. ಬಿಲ್ಲು ಪೂರ್ತಿ ಇರಬೇಕು: 1,04,000, ಸಿಜಿಎಸ್‌ಟಿ 9,360, ಎಸ್‌ಜಿಎಸ್‌ಟಿ 9,360, ಒಟ್ಟು 1,22,720. ಈಗಿನ ಬಿಲ್ಲು ತಗೊಂಡ್ರೆ 18,720 ಐಟಿಸಿ ನಿಮಗೆ ಸಿಗಲ್ಲ, ಅವರಿಗೂ ಮಾರಾಟ ಮುಚ್ಚಿಟ್ಟ ಹಾಗೆ ಆಗುತ್ತೆ. ಡಿಸ್ಕೌಂಟ್ ಕಾಲಂನಲ್ಲಿ ತೋರಿಸಿದ್ರೂ ಇದೇ ಗತಿ.

ಮಂಡಿಪೇಟೆ ಗುಮಾಸ್ತ

ಮುರಿದ ಮೇಲೆ ಉಳಿಯೋದು 61,360. ಅವರಿಂದ ಒಂದೇ ಸಾಲು ಬರೆಸಿಕೊಳ್ಳಿ: "1,84,080ರಲ್ಲಿ ಇಂಥ ಬಿಲ್ಲಿಗೆ 1,22,720 ಹೊಂದಿಸಿದೆ, ಉಳಿದ 61,360 ಇಂಥ ದಿನ ಸಿಸಿ ಖಾತೆಗೆ." ಬಿಲ್ ನಂಬರ್ ಇಲ್ಲದ ಹೊಂದಾಣಿಕೆ ಒಪ್ಪಬೇಡಿ. ಜೊತೆಗೆ ಅವರ ಪುಸ್ತಕದಲ್ಲಿರೋ ನಿಮ್ಮ ಲೆಡ್ಜರ್ ತರಿಸಿ, ನಿಮ್ಮದರ ಪಕ್ಕ ಇಟ್ಟು ನೋಡಿ.

ಗಾಣದ ಲೆಕ್ಕ · 15 ಅಕ್ಟೋಬರ್

ಬಿಲ್ಲು ಸರಿ ಮಾಡಿದ್ರು. ಆದ್ರೆ ಈಗ ಹೊಸ ತಕರಾರು. ಸಾವ್ಕಾರ್ರ ತಮ್ಮನ ಮಿಲ್ಲು ಬೇರೆ ಐತೆ, ಜಿಎಸ್‌ಟಿ ನಂಬರೂ ಬೇರೆ. ಅವರಿಂದ 70,000 ಬಾಕಿ ಬರಬೇಕು, 61,360 ಅದಕ್ಕೇ ಹಾಕ್ಕೊಳ್ತೀವಿ ಅಂತಾರೆ.

ಡಬ್ಬಿ-ಡ್ರಮ್ ವ್ಯಾಪಾರ

ಊರಲ್ಲಿ ಎಲ್ಲರೂ ಒಂದೇ ಮನೆ ಅಂತಲೇ ಮಾಲು ಕೊಟ್ಟಿರ್ತೀವಿ ಸ್ವಾಮಿ. ತಮ್ಮನ ಬಾಕಿಗೆ ಅಣ್ಣನ ಜಮಾ ಮುರಿಯೋದು ಮಂಡಿಯಲ್ಲಿ ಹೊಸದೇನಲ್ಲ. ಮೂರೂ ಕಡೆಯವರು ಸಹಿ ಹಾಕಿದ ಒಂದು ಪತ್ರ ಮಾಡ್ಕೊಂಡ್ರೆ ಮುಗೀತು.

ಮಂಡಿಪೇಟೆ ಗುಮಾಸ್ತ

ಸಹಿ ಹಾಕಿದ್ರೆ ಸರಿ, ಹಾಕಲೇಬೇಕು ಅಂತೇನಿಲ್ಲ. ಬೇರೆ ಫರ್ಮಿನ ಸಾಲ ಇವರ ಸಾಲ ಅಲ್ಲ. ಸಹಿ ಹಾಕಿದ್ರೆ ನಿಮ್ಮ ಪುಸ್ತಕದಲ್ಲಿ ತಮ್ಮನ ಫರ್ಮಿನ ಹೆಸರಿಗೆ 61,360 ಖರ್ಚು ಬರೆಯಬೇಕು, ಆಮೇಲೆ ಅದನ್ನ ತಮ್ಮನ ಹತ್ರ ವಸೂಲಿ ಮಾಡೋದು ನಿಮ್ಮ ಕೆಲಸ. ನಾನಾದ್ರೆ ಒಪ್ಪಲ್ಲ.

ಆಡಿಟ್ ಆಫೀಸ್ ಅಕ್ಕ

ನಾನು ಒಪ್ತೀನಿ, ಆದ್ರೆ 70,000 ಅನ್ನೋದು ನಿಜ ಅಂತ ತಮ್ಮನ ಫರ್ಮಿನವರು ಮೊದಲು ಬರೆದು ಕೊಟ್ರೆ ಮಾತ್ರ.

ಗಾಣದ ಲೆಕ್ಕ

ತಮ್ಮನ ಮಿಲ್ಲಿನ ಗುಮಾಸ್ತರನ್ನ ಕೇಳಿದೆ. ಅವರ ಪುಸ್ತಕದಲ್ಲಿ ಬಾಕಿ 48,000 ಐತಂತೆ, 70,000 ಅಲ್ಲ. ಸಾವ್ಕಾರ್ರು "ಅವರ ಲೆಕ್ಕ ಅವರು ಬಗೆಹರಿಸ್ಕೊಳ್ಳಲಿ, ನಂದು ನಂಗೆ ಹಾಕ್ಲಿ" ಅಂದ್ರು. 61,360ಕ್ಕೆ ಎರಡನೇ ಪತ್ರ ಇವತ್ತು ಸಂಜೆ ಹೋಗುತ್ತೆ, DUP-190925 ಇನ್ನೂ ತೆರೆದೇ ಐತೆ.